ಬಿಟ್ಟುಹೋದ ಬಡ್ಡಿ

ಕುಣಿಗಲ್ ಕಡೆ ಅಪ್ಪನ ಜಮೀನು ರಸ್ತೆಗೆ ಹೋದಾಗ ಬಂದ ಪರಿಹಾರವನ್ನ ಗುಬ್ಬಿಯ ಬ್ಯಾಂಕೊಂದರಲ್ಲಿ ನನ್ನ ಹೆಸರಿಗೆ ಎಫ್‌ಡಿ ಇಟ್ಟಿದ್ದೆ. 2024-25ರ ಬಡ್ಡಿ 23,000 ರೂಪಾಯಿ. 40,000 ದಾಟದ ಕಾರಣ ಟಿಡಿಎಸ್ ಹಿಡಿದಿರಲಿಲ್ಲ. ಹಿಡಿದಿಲ್ಲ ಅಂದ್ರೆ ತೆರಿಗೆನೂ ಇಲ್ಲ ಅಂದ್ಕೊಂಡು ರಿಟರ್ನಿನಲ್ಲಿ ಸಂಬಳ ಮಾತ್ರ ತೋರಿಸಿದ್ದೆ.

ನವೆಂಬರಿನಲ್ಲಿ ತುಮಕೂರಿನ ಮನೇಲಿ ಕೂತು ಪೋರ್ಟಲ್‌ನ ಎಐಎಸ್ ತೆಗೆದೆ. ಆ ಬಡ್ಡಿ ಅಲ್ಲಿತ್ತು! ಆರ್‌ಟಿಐ ಹಾಕಿ ಎಸ್‌ಸಿಎಸ್‌ಪಿ ಹಣದ ಲೆಕ್ಕ ಕೇಳೋನು ನಾನು. ನನ್ನ ಲೆಕ್ಕವೇ ಕಮ್ಮಿ ಇದ್ರೆ ಯಾವ ಮುಖ ಇಟ್ಕೊಂಡು ಕೇಳಲಿ?

ಹಳೇ ಪದ್ಧತಿ, ನನ್ನದು 20% ಸ್ಲಾಬ್. ತೆರಿಗೆ 4,600, ಸೆಸ್ 184, ಒಟ್ಟು 4,784 ಕಟ್ಟಿದೆ. ಆಮೇಲೆ 139(5) ಆರಿಸಿ, ಹಳೇ ರಿಟರ್ನಿನ ಸ್ವೀಕೃತಿ ಸಂಖ್ಯೆ, ದಿನಾಂಕ ಹಾಕಿ, ಸಂಬಳ, ಬಡ್ಡಿ ಎರಡನ್ನೂ ಮತ್ತೆ ಪೂರ್ತಿ ತುಂಬಿದೆ. ಬಿಟ್ಟಿದ್ದನ್ನ ಮಾತ್ರ ಬರೆದರೆ ಆಗಲ್ಲ. ಡಿಸೆಂಬರ್ 31ರೊಳಗೆ ಮುಗಿಸಿ ಇ-ವೆರಿಫೈ ಮಾಡಿದೆ.

ರಿಟರ್ನಿಗೆ ಪತ್ರ ಲಗತ್ತಿಸೋಕೆ ಜಾಗ ಇಲ್ಲ. ಆದ್ರೂ ನಾಳೆ ಯಾರಾದ್ರೂ ಕೇಳಿದ್ರೆ ಇರಲಿ ಅಂತ ವಿವರಣೆ ಬರೆದು ಚಲನ್ ಜೊತೆ ಫೈಲಿನಲ್ಲಿಟ್ಟೆ: “ಎಫ್‌ಡಿ ಬಡ್ಡಿ 23,000 ಬಿಟ್ಟುಹೋಗಿತ್ತು. ಎಐಎಸ್ ನೋಡಿ ತಿಳಿಯಿತು. ತೆರಿಗೆ ಕಟ್ಟಿ ಪರಿಷ್ಕರಿಸಿದ್ದೇನೆ. ಬೇರೆ ಬದಲಾವಣೆ ಇಲ್ಲ.”

ಪರಿಹಾರದ ದುಡ್ಡು ಎಫ್‌ಡಿ ಇಟ್ಟಿರೋ ನಮ್ಮೋರು ಒಮ್ಮೆ ಎಐಎಸ್ ನೋಡ್ಕೊಳ್ಳಿ.