ಗೆರೆ ಏರುತ್ತಲೇ ಇತ್ತು

ಏಪ್ರಿಲ್ 1ರಿಂದ ಹೊಸ ತಂತ್ರಾಂಶದಲ್ಲಿ ಲೆಕ್ಕ ಬರೆಯಬೇಕಿದ್ದ ಸರಕು ಸಾಗಣೆ ಕಂಪನಿಯೊಂದು ಜುಲೈವರೆಗೆ ಹಳೆಯದರಲ್ಲೇ ಬರೆಯಬೇಕಾಯಿತು. ಆ ಮೂರು ತಿಂಗಳ ವಹಿವಾಟನ್ನು ಆಮೇಲೆ ಮತ್ತೊಮ್ಮೆ ಹೊಸದಕ್ಕೆ ಏರಿಸಿದವರು ಅವರ ಲೆಕ್ಕಪತ್ರ ವಿಭಾಗದವರು, ಅದೂ ರಜೆ ಹಾಕದೆ. ಆ ಪ್ರಾಜೆಕ್ಟಿನ ಮ್ಯಾನೇಜರ್ ನಾನು. ಪ್ರತಿ ಶುಕ್ರವಾರ ಒಂದೇ ಸ್ಲೈಡಿನಲ್ಲಿ ಎಲ್ಲವೂ ಕಾಣುವಂತೆ ವರದಿ ಕಳಿಸುತ್ತಿದ್ದೆ: ಎಡಗಡೆ ಏಳು ಕೆಲಸಗಳ ಹೆಸರು, ಪಕ್ಕದಲ್ಲಿ ಕೆಂಪು, ಹಳದಿ, ಹಸಿರು ಬೊಟ್ಟು, ಅದರ ಪಕ್ಕ ಪುಟ್ಟ ಗೆರೆ. ಇಂಥ ಪುಟ್ಟ ಗೆರೆಗೆ ಸ್ಪಾರ್ಕ್‌ಲೈನ್ ಎಂಬ ಹೆಸರನ್ನು ಜನಪ್ರಿಯಗೊಳಿಸಿದವರು ಎಡ್ವರ್ಡ್ ಟಫ್ಟಿ. ಅವರ ಆಸೆ, ಅದು ವಾಕ್ಯದ ನಡುವಿನ ಪದದ ಹಾಗೆ ಇರಬೇಕು ಎಂಬುದು. ನನ್ನದು ಪದದ ಹಾಗೇ ಇತ್ತು, ಆದರೆ ಸುಳ್ಳು ಹೇಳುತ್ತಿತ್ತು.

ಮೊದಲ ಸುಳ್ಳು ನನ್ನದಲ್ಲ, ಸೂತ್ರದ್ದು. ಹಳೆಯ ತಂತ್ರಾಂಶದಿಂದ 120 ಕಡತಗಳ ಮಾಹಿತಿ ಹೊಸದಕ್ಕೆ ಹೋಗಬೇಕಿತ್ತು. ವಾರಕ್ಕೆ ಹತ್ತರಂತೆ ಸಾಗಿಸಿ ಫೆಬ್ರವರಿ ಕೊನೆಗೆ ಮುಗಿಸುವುದು, ಮಾರ್ಚ್ ಪೂರ್ತಿ ಪರೀಕ್ಷೆಗೆ ಬಿಡುವುದು ಎಂದು ಯೋಜನೆ. ಯೋಜನೆಗಿಂತ ಶೇಕಡಾ 10ರೊಳಗೆ ಹಿಂದಿದ್ದರೆ ಹಸಿರು, 20ರೊಳಗೆ ಹಳದಿ, ಅದಕ್ಕೂ ಮೀರಿದರೆ ಕೆಂಪು. ನಾನು ವರದಿ ಕಳಿಸಲು ತೊಡಗಿದ ಮೇಲೆ ಒಂದೊಂದು ವಾರದ ಕೊನೆಗೆ ಒಟ್ಟು ಮುಗಿದ ಕಡತಗಳು 40, 52, 61, 68, 73 ಹೀಗೆ ಬಂದವು. ಯೋಜನೆಯಲ್ಲಿ ಇದ್ದದ್ದು 40, 50, 60, 70, 80. ಐದನೇ ವಾರದ 73 ಅಂದರೆ 80ರ ಶೇಕಡಾ 91. ಆದ್ದರಿಂದ ಹಸಿರು. ಗೆರೆ ನೋಡಿದರೆ ಅದೂ ಏರುತ್ತಲೇ ಇದೆ. ಏರದೆ ಏನು ಮಾಡೀತು? ಮುಗಿದದ್ದನ್ನೆಲ್ಲ ಕೂಡಿಸುತ್ತಾ ಹೋದರೆ ಗೆರೆ ಇಳಿಯಲು ಸಾಧ್ಯವೇ ಇಲ್ಲ.

ಅದೇ ಅಂಕಿಗಳನ್ನು ವಾರವಾರಕ್ಕೆ ಬಿಡಿಸಿ ನೋಡಿದರೆ 12, 9, 7, 5. ವೇಗ ಅರ್ಧಕ್ಕಿಂತ ಕೆಳಗೆ ಬಂದಿತ್ತು. ಐದನೇ ವಾರ ಉಳಿದದ್ದು 47 ಕಡತ. ವಾರಕ್ಕೆ ಐದರಂತೆ ಹೋದರೂ ಒಂಬತ್ತು ವಾರ ದಾಟುತ್ತದೆ. ಯೋಜನೆಯ ಪ್ರಕಾರ ಉಳಿದಿದ್ದದ್ದು ನಾಲ್ಕು ವಾರ. ಅಂದರೆ ಬೊಟ್ಟು ಹಸಿರಾಗಿದ್ದ ದಿನವೇ ಏಪ್ರಿಲ್ 1 ಕೈತಪ್ಪಿತ್ತು.

ವೇಗ ಇಳಿದದ್ದಕ್ಕೆ ಕಾರಣ ತಂಡದ ಸೋಮಾರಿತನವಲ್ಲ. ನಾವು ಸುಲಭದ ಕಡತಗಳನ್ನು ಮೊದಲು ಎತ್ತಿಕೊಂಡಿದ್ದೆವು: ಊರುಗಳ ಪಟ್ಟಿ, ಲಾರಿಗಳ ಪಟ್ಟಿ, ದರಪಟ್ಟಿ. ಕೊನೆಗೆ ಉಳಿದದ್ದು ಗ್ರಾಹಕರ ಬಾಕಿ. ಒಬ್ಬನೇ ಗ್ರಾಹಕ ಮೂರು ಕಾಗುಣಿತದಲ್ಲಿ ಮೂರು ಖಾತೆಯಾಗಿ ಕೂತಿದ್ದ. ಆರಂಭದ ಶಿಲ್ಕು ತಾಳೆಯಾಗುತ್ತಿರಲಿಲ್ಲ. ಒಂದೊಂದನ್ನೂ ಸಾಗಣೆ ಕಂಪನಿಯವರ ಜೊತೆ ಕೂತು ಬಿಡಿಸಬೇಕಿತ್ತು. ಆದರೆ ನನ್ನ ಶೇಕಡಾ ಲೆಕ್ಕದಲ್ಲಿ ಊರಿನ ಪಟ್ಟಿಯೂ ಒಂದು ಕಡತ, ಬಾಕಿಯೂ ಒಂದು ಕಡತ.

ಎರಡನೇ ಸುಳ್ಳು ಪೂರಾ ನನ್ನದು. ಆರನೇ ವಾರ 76 ಬಂತು, ಯೋಜನೆ 90. ಶೇಕಡಾ 84, ನಿಯಮದ ಪ್ರಕಾರ ಹಳದಿ. ಮುಂದಿನ ವಾರ ಇಬ್ಬರು ಹೆಚ್ಚುವರಿ ಬರುತ್ತಾರಲ್ಲ, ಒಂದು ವಾರಕ್ಕಾಗಿ ಬಣ್ಣ ಬದಲಿಸಿ ಗದ್ದಲ ಯಾಕೆ ಎಂದುಕೊಂಡು ಬೊಟ್ಟಿನ ಬಣ್ಣವನ್ನು ಕೈಯಿಂದಲೇ ಹಸಿರು ಮಾಡಿದೆ. ಇಂಥ ಪ್ರಾಜೆಕ್ಟಿಗೆ ನಮ್ಮ ವೃತ್ತಿಯಲ್ಲಿ ಕಲ್ಲಂಗಡಿ ಎನ್ನುತ್ತಾರೆ, ಮೇಲೆ ಹಸಿರು ಒಳಗೆ ಕೆಂಪು. ಈ ಮಾತು ಬಂದಾಗೆಲ್ಲ ತರಬೇತಿಗಳಲ್ಲಿ ಫೋರ್ಡ್ ಕಂಪನಿಯ ಕಥೆ ಹೇಳುತ್ತಾರೆ. 2006ರಲ್ಲಿ ಅಲನ್ ಮುಲಾಲಿ ಅಲ್ಲಿ ಮುಖ್ಯಸ್ಥರಾಗಿ ಬಂದಾಗ ಕಂಪನಿ ಆ ವರ್ಷ ಸಾವಿರ ಕೋಟಿ ಡಾಲರಿಗೂ ಮೀರಿದ ನಷ್ಟದ ಹಾದಿಯಲ್ಲಿತ್ತು, ವಾರದ ಸಭೆಯ ಪಟ್ಟಿಗಳೆಲ್ಲ ಮಾತ್ರ ಹಸಿರು. ಕೊನೆಗೆ ಮಾರ್ಕ್ ಫೀಲ್ಡ್ಸ್ ಎಂಬ ಅಧಿಕಾರಿ ಎಡ್ಜ್ ಕಾರಿನ ಬಿಡುಗಡೆಗೆ ಕೆಂಪು ಹಾಕಿ ತಂದರು. ಮುಲಾಲಿ ಚಪ್ಪಾಳೆ ತಟ್ಟಿದರು. ಒಳ್ಳೆಯ ಕಥೆ, ಆದರೆ ಅದು ಭಯದ ಕಥೆ. ನನ್ನನ್ನು ಬೈಯುವವರು ಯಾರೂ ಇರಲಿಲ್ಲ. ಐದು ವಾರ ಹಸಿರು ನೋಡಿ ನಾನೇ ಅದನ್ನು ನಂಬಿದ್ದೆ, ಅಷ್ಟೆ.

ಫೆಬ್ರವರಿ ನಡುವಿನ ಸಭೆಯಲ್ಲಿ ಸಾಗಣೆ ಕಂಪನಿಯ ಹಿರಿಯ ಅಕೌಂಟೆಂಟ್ ಮೇಡಂ ಸ್ಲೈಡಿನ ಪ್ರಿಂಟ್ ಹಿಡಿದು ಕೂತಿದ್ದರು, ಕಪ್ಪುಬಿಳುಪು ಪ್ರಿಂಟ್. ಅದರಲ್ಲಿ ಬೊಟ್ಟುಗಳೆಲ್ಲ ಒಂದೇ ಬೂದು.

“ಸರ್, ಬಣ್ಣ ಬಿಡಿ, ಇದರಲ್ಲಿ ನಂಗೆ ಕಾಣಿಸ್ತಿಲ್ಲ. ಗೆರೆ ಮೇಲಕ್ಕೆ ಹೋಗ್ತಿದೆ, ಸಂತೋಷ. ಹೋದ ವಾರ ಎಷ್ಟು ಮುಗೀತು?”

“ಮೂರು, ಮೇಡಂ.”

“ಉಳಿದಿರೋದು?”

“ನಲವತ್ತನಾಲ್ಕು.”

ಅವರು ಕ್ಯಾಲ್ಕುಲೇಟರ್ ಕೂಡ ತೆಗೆಯಲಿಲ್ಲ.

ಆಮೇಲೆ ಸ್ಲೈಡನ್ನು ಮತ್ತೆ ಕಟ್ಟಿದೆ. ಮುಗಿದದ್ದರ ಗೆರೆ ತೆಗೆದು ಉಳಿದದ್ದರ ಗೆರೆ ಹಾಕಿದೆ. ಅದು ಸೊನ್ನೆಯತ್ತ ಇಳಿಯುವ ಬದಲು ಚಪ್ಪಟೆಯಾದರೆ ಕಣ್ಣಿಗೆ ಹೊಡೆಯುತ್ತದೆ. ಆಗ ಇನ್ನೊಂದು ಎಡವಟ್ಟು ಗೊತ್ತಾಯಿತು. ಎಕ್ಸೆಲ್ ಪ್ರತಿ ಸ್ಪಾರ್ಕ್‌ಲೈನಿಗೂ ತಾನೇ ಅದರದ್ದೇ ಅಳತೆ ಹಿಡಿಯುತ್ತದೆ. ಅಲ್ಲಿನ ಕನಿಷ್ಠ ಅಂಕಿಯೇ ತಳ, ಗರಿಷ್ಠ ಅಂಕಿಯೇ ತುದಿ. ಹಾಗಾಗಿ ಬಾಕಿ ದೋಷಗಳು 3ರಿಂದ 5ಕ್ಕೆ ಏರಿದ ಸಾಲೂ 20ರಿಂದ 90ಕ್ಕೆ ಏರಿದ ಸಾಲೂ ಒಂದೇ ಬೆಟ್ಟದಂತೆ ಕಾಣುತ್ತವೆ. ಒಂದೇ ಬಗೆಯ ಅಂಕಿಗಳ ಸಾಲುಗಳಾದರೆ Axis ಆಯ್ಕೆಗೆ ಹೋಗಿ ಕನಿಷ್ಠ, ಗರಿಷ್ಠ ಎರಡಕ್ಕೂ Same for All Sparklines ಎಂದು ಬದಲಿಸಬೇಕು. ಉಳಿದ ಕೆಲಸದ ಗೆರೆಗಾದರೆ ತಳವನ್ನು ಸೊನ್ನೆಗೇ ಕಟ್ಟಿಹಾಕಬೇಕು. ಬೇರೆ ಬೇರೆ ಬಗೆಯ ಅಂಕಿಗಳಿದ್ದರೆ ಒಂದೇ ಅಳತೆಗೆ ಅರ್ಥವಿಲ್ಲ. ಆಗ ಗೆರೆಯ ಎರಡು ತುದಿಗೂ ಅಂಕಿ ಬರೆಯದೆ ಬೇರೆ ದಾರಿಯಿಲ್ಲ.

ಬಣ್ಣವನ್ನು ಶೇಕಡಾ ಲೆಕ್ಕದಿಂದ ಬಿಡಿಸಿ ದಿನಾಂಕಕ್ಕೆ ಕಟ್ಟಿದೆ. ಕಳೆದ ಮೂರು ವಾರದ ವೇಗದಲ್ಲಿ ಹೋದರೆ ಯಾವತ್ತು ಮುಗಿಯುತ್ತದೆ ಎಂಬುದು ಒಂದು ಕಾಲಂ, ಹೋದ ವಾರ ಏನು ಹೇಳಿದ್ದೆವು ಎಂಬುದು ಅದರ ಪಕ್ಕ. ಮಾತು ಕೊಟ್ಟ ದಿನಕ್ಕಿಂತ ಒಂದು ವಾರದೊಳಗಿದ್ದರೆ ಹಸಿರು, ಮೂರು ವಾರದೊಳಗೆ ಹಳದಿ, ಮೀರಿದರೆ ಕೆಂಪು. ಅಂದಾಜೇ ಇಲ್ಲದಿದ್ದರೂ ಕೆಂಪು. ಬೊಟ್ಟುಗಳಿಗೆ ಆಕಾರವೂ ಬಂತು: ದುಂಡು, ತ್ರಿಕೋನ, ಚೌಕ. ಕೆಂಪು ಹಸಿರಿನ ವ್ಯತ್ಯಾಸ ಕಾಣದ ಕಣ್ಣಿನವರೂ ಓದಬಹುದು, ಮೇಡಂ ಪ್ರಿಂಟಿನಲ್ಲೂ ಓದಬಹುದು. ಸ್ಲೈಡಿನ ನೆತ್ತಿಯ ಮೇಲಿನ ಒಟ್ಟಾರೆ ಬಣ್ಣ ಮೊದಲು ಏಳು ಸಾಲುಗಳ ಸರಾಸರಿಯಾಗಿತ್ತು. ಈಗ ಯಾವ ಸಾಲು ನಿಂತರೆ ಹೊಸ ತಂತ್ರಾಂಶದ ಆರಂಭವೇ ನಿಲ್ಲುತ್ತದೋ ಅದರ ಬಣ್ಣವೇ ಒಟ್ಟಾರೆ ಬಣ್ಣ. ತರಬೇತಿಯ ಸಾಲು ಎಷ್ಟು ಹಸಿರಿದ್ದರೂ ಬಾಕಿಯ ಕೆಂಪನ್ನು ಅದು ತೊಳೆಯಲಾರದು.

ಇದರಲ್ಲೂ ಕಳ್ಳದಾರಿ ಇದೆ. ಮಾತು ಕೊಟ್ಟ ದಿನಾಂಕವನ್ನೇ ತಿದ್ದಿಬಿಟ್ಟರೆ ಕೆಂಪು ಬೊಟ್ಟು ರಾತ್ರೋರಾತ್ರಿ ಹಸಿರಾಗುತ್ತದೆ. ಗ್ರಾಹಕರು ಒಪ್ಪಿ ದಿನಾಂಕ ಮುಂದೆ ಹಾಕಿದ್ದರೆ ಅದು ತಪ್ಪೂ ಅಲ್ಲ. ಅದಕ್ಕೆಂದೇ ಮೊದಲ ದಿನಾಂಕವನ್ನು ಸಣ್ಣ ಅಕ್ಷರದಲ್ಲಿ, ಅಡ್ಡಗೀಟು ಎಳೆದು, ಹೊಸದರ ಪಕ್ಕದಲ್ಲೇ ಉಳಿಸುತ್ತೇನೆ. ನಮ್ಮ ಸೇಲ್ಸ್‌ನವರಿಗೆ ಇದು ಸರಿಬೀಳುವುದಿಲ್ಲ. “ಒಪ್ಪಿಗೆ ಆದಮೇಲೆ ಹಳೇದನ್ನ ಯಾಕೆ ತೋರಿಸ್ತೀರಾ?” ಎಂದು ಪ್ರತಿ ಸಲವೂ ಕೇಳುತ್ತಾರೆ. ಈಗಿನ ಪ್ರಾಜೆಕ್ಟಿನ ಸ್ಲೈಡಿನಲ್ಲಿ ಒಂದು ಸಾಲಿನ ಪಕ್ಕ ಅಂಥ ಎರಡು ಗೀಟು ಬಿದ್ದಿವೆ. ಮೂರನೆಯದನ್ನು ತೋರಿಸಬೇಕೋ ಬೇಡವೋ ಎಂಬ ಜಗಳ ಇನ್ನೂ ಮುಗಿದಿಲ್ಲ.