ನಾಯಿ ನಗ್ತಿದೆಯಾ? ಬಾಯಿ ಮುಚ್ಚಿ ನೋಡಿ

ಸುದ್ದಿಗೆ ಅಂತ ನಮ್ಮ ವಾಟ್ಸ್ಆ್ಯಪ್‌ಗೆ ಬರುವ ಫೋಟೊಗಳಲ್ಲಿ ನಾಯಿ ಜೊತೆಗಿನ ಮಕ್ಕಳದ್ದು ಬಹಳ. ಕೆಳಗೆ "ಜೋಡಿ ಗೆಳೆಯರು" ಅಂತ ಕಳಿಸಿದವರೇ ಬರೆದಿರುತ್ತಾರೆ. ಅದನ್ನು ಡೆಸ್ಕಿಗೆ ಕಳಿಸುವ ಮುಂಚೆ ನಾವು ಚಿತ್ರ ದೊಡ್ಡದು ಮಾಡಿ, ಕಾಗದದ ಚೂರೊಂದನ್ನು ನಾಯಿಯ ಬಾಯಿಗೆ ಅಡ್ಡ ಹಿಡಿಯುತ್ತೇವೆ. ಯಾಕೆಂದರೆ ಎಲ್ಲರ ಕಣ್ಣು ಮೊದಲು ಹೋಗುವುದು ಬಾಯಿಗೇ, ಹೆಚ್ಚು ದಾರಿ ತಪ್ಪಿಸುವುದೂ ಅದೇ. ಖುಷಿಯಾದಾಗ ನಾಯಿ ಬಾಯಿ ತೆರೆಯುತ್ತದೆ. ಬಿಸಿಲಿಗೆ, ಓಡಿ ದಣಿದಾಗ, ಹೆದರಿದಾಗಲೂ ತೆರೆಯುತ್ತದೆ. ನಮಗೆ ಎಲ್ಲವೂ ನಗುವಿನ ಹಾಗೆ ಕಾಣುತ್ತದೆ.

ಹೋದ ಬೇಸಿಗೆಯಲ್ಲಿ ಮುಧೋಳ ಕಡೆಯ ಒಂದು ಹಳ್ಳಿಯಿಂದ ಅಂಥದ್ದೇ ಫೋಟೊ ಬಂತು. ಐದಾರು ವರ್ಷದ ಹುಡುಗ ಕಂದು ಬಣ್ಣದ ಊರ ನಾಯಿಯೊಂದರ ಕೊರಳಿಗೆ ಎರಡೂ ಕೈ ಸುತ್ತಿ, ಮುಖಕ್ಕೆ ಮುಖ ತಂದಿದ್ದಾನೆ. "ನೋಡ್ರಿ ಸರ, ಹೆಂಗ ನಗಾಕತ್ತೈತಿ" ಅಂತ ಹುಡುಗನ ಕಾಕಾ ಬರೆದಿದ್ದರು.

ಬಾಯಿ ಮುಚ್ಚಿ ಮೊದಲು ಮೈಯ ಭಾರ ಎಲ್ಲಿದೆ ಅಂತ ನೋಡಿದೆವು. ಹುಡುಗ ಎಡಕ್ಕಿದ್ದ, ನಾಯಿಯ ಮೈ ಪೂರ್ತಿ ಬಲಕ್ಕೆ ವಾಲಿತ್ತು. ಭಾರವೆಲ್ಲ ಹಿಂಗಾಲಿನ ಮೇಲೆ, ಮುಂಗಾಲೊಂದು ನೆಲದಿಂದ ತುಸು ಮೇಲಕ್ಕೆ. ಹಿಡಿತ ಬಿಟ್ಟರೆ ಸಾಕು, ಹೊರಡುವ ಭಂಗಿ. ಬಾಲ ಮೊದಲು ಕಾಣಲೇ ಇಲ್ಲ. ಹಿಗ್ಗಿಸಿ ಹುಡುಕಿದರೆ ತೊಡೆಗಳ ನಡುವೆ ಹೊಟ್ಟೆಗೆ ಒತ್ತಿಕೊಂಡಿತ್ತು. ಊರ ನಾಯಿಗೆ ಸಾಮಾನ್ಯವಾಗಿ ನೆಟ್ಟಗೆ ಇರುವ ಕಿವಿ ಇಲ್ಲಿ ಹಿಂದಕ್ಕೆ ಮಡಚಿ ತಲೆಗೆ ಅಂಟಿದಂತಿತ್ತು. ಕಣ್ಣಿನ ಮೂಲೆಯಲ್ಲಿ ಬಿಳಿ ಭಾಗ ಎಳೆ ಚಂದ್ರನಂತೆ ಇಣುಕುತ್ತಿತ್ತು.

ಆಮೇಲೆ ಕಾಗದ ತೆಗೆದೆವು. ತುಟಿಯ ಮೂಲೆ ಕಿವಿಯ ಕಡೆಗೆ ಬಿಗಿಯಾಗಿ ಎಳೆದು, ಕೆನ್ನೆಯಲ್ಲಿ ನೆರಿಗೆ ಬಿದ್ದಿತ್ತು. ನಿರಾಳವಾಗಿರುವ ನಾಯಿಯ ಬಾಯಿ ಹಾಗಿರುವುದಿಲ್ಲ. ದವಡೆ ಸಡಿಲವಾಗಿ ಬಿಟ್ಟು, ನಾಲಿಗೆ ಮೆತ್ತಗೆ ಜೋತಿರುತ್ತದೆ, ಕೆನ್ನೆ ನುಣುಪಾಗಿರುತ್ತದೆ. ಕಾಕಾ ಕಂಡ ನಗು ಹೆದರಿಕೆಯಾಗಿತ್ತು. ಇನ್ನೂ ಬಿಗಿ ಹಿಡಿದಿದ್ದರೆ ನಾಯಿಗೆ ಉಳಿದ ದಾರಿ ಹಲ್ಲು, ಅದರ ಎದುರಿಗಿದ್ದದ್ದು ಹುಡುಗನ ಮುಖ.

ಫೋಟೊ ಹಾಕಲಿಲ್ಲ, ಕಾಕಾಗೆ ಫೋನ್ ಮಾಡಿದೆವು. ಅಪ್ಪಿಕೊಳ್ಳುವುದು ಬೇಡ, ನಾಯಿ ತಾನಾಗಿ ಹತ್ತಿರ ಬರಲಿ, ಗುರ್ ಅಂದರೆ ಬೈಯಬೇಡಿ ಅಂದೆವು. ಗುರ್ ಅನ್ನುವುದು ಎಚ್ಚರಿಕೆ. ಅದಕ್ಕೆ ಏಟು ಬಿದ್ದರೆ ಮುಂದೆ ಎಚ್ಚರಿಕೆ ಕೊಡದೇ ಕಚ್ಚಬಹುದು. ಎರಡು ದಿನ ಬಿಟ್ಟು ಇನ್ನೊಂದು ಫೋಟೊ ಬಂತು. ಹುಡುಗ ಕಟ್ಟೆಯ ಮೇಲೆ, ನಾಯಿ ಒಂದು ಮಾರು ದೂರದಲ್ಲಿ ಸೊಂಟ ವಾಲಿಸಿ ಮಲಗಿದೆ, ಕಿವಿ ಅತ್ತಿತ್ತ ಸಡಿಲ, ಬಾಲ ನೆಲದ ಮೇಲೆ ಚೆಲ್ಲಿದೆ. ಅದನ್ನು ಕಳಿಸಿದೆವು. ಡೆಸ್ಕಿನವರಿಗೆ ಮೊದಲನೆಯದೇ ಚೆಂದ ಕಂಡಿರುತ್ತಿತ್ತು, ಅದು ಬೇರೆ ಮಾತು.

ಮುಧೋಳ ಅಂದ ಮೇಲೆ ಅಲ್ಲಿಯ ಬೇಟೆ ನಾಯಿಯ ಮಾತು ಬಂದೇ ಬರುತ್ತದೆ. ಅದರ ಕಿವಿ ಹುಟ್ಟಿನಿಂದಲೇ ಜೋತಿರುತ್ತದೆ, ಬಾಲವನ್ನೂ ಸಾಮಾನ್ಯವಾಗಿ ತಗ್ಗಿಸಿಯೇ ಇಟ್ಟುಕೊಳ್ಳುತ್ತದೆ. ಅದನ್ನು ನೋಡಿ ಹೆದರಿದೆ ಅನ್ನುವಂತಿಲ್ಲ. ಬಾಲ ಸುರುಳಿ ಸುತ್ತಿಕೊಳ್ಳುವ ಊರ ನಾಯಿ ಅದೇ ಮಟ್ಟಕ್ಕೆ ಇಳಿಸಿದರೆ ಮಾತ್ರ ಏನೋ ಆಗಿದೆ ಅಂತ ಅರ್ಥ. ಹಾಗಾಗಿ ಆ ನಾಯಿ ಆರಾಮಾಗಿರುವಾಗ ತೆಗೆದ ಇನ್ನೊಂದು ಫೋಟೊ ಕೇಳಿ ಪಕ್ಕದಲ್ಲಿಟ್ಟು ನೋಡುವುದು ಒಳ್ಳೆಯದು. ಜೋತು ಕಿವಿಯ ನಾಯಿಯಲ್ಲಿ ತುದಿ ನೋಡಬೇಡಿ, ಬುಡ ನೋಡಿ. ಬುಡ ಹಿಂದಕ್ಕೆ ಸರಿದಿದ್ದರೆ ಕಿವಿ ಹಿಂದಕ್ಕೆ ಹೋಗಿದೆ ಅಂತಲೇ ಲೆಕ್ಕ.

"ಬಾಲ ಅಲ್ಲಾಡಿಸ್ತಿತ್ತು, ಆದರೂ ಕಚ್ಚಿತು" ಅನ್ನುವವರು ಬಹಳ. ಫೋಟೊದಲ್ಲಿ ಅಲ್ಲಾಟ ಕಾಣುವುದಿಲ್ಲ, ಹೆಚ್ಚೆಂದರೆ ಬಾಲ ಮಸುಕಾಗಿ ಬಂದಿರುತ್ತದೆ. ಕೋಲಿನಂತೆ ಸೆಟೆದು ಮೇಲೆದ್ದ ಬಾಲ, ಮುಂಗಾಲಿನ ಮೇಲೆ ಬಿದ್ದ ಭಾರ, ಮುಂದಕ್ಕೆ ಚಾಚಿದ ಕಿವಿ, ಬಿಗಿದು ಮುಚ್ಚಿದ ಬಾಯಿ: ಈ ನಾಲ್ಕೂ ಕೂಡಿದ್ದರೆ ಅದು ಹೆದರಿದ ನಾಯಿಯಲ್ಲ, ಎದುರು ನಿಂತ ನಾಯಿ. ಅಲ್ಲಾಡಿಸಿದರೂ ಹತ್ತಿರ ಹೋಗಬೇಡಿ.

ಒಂದೇ ಫೋಟೊ ಅಂದರೆ ಕಣ್ಣು ಮಿಟುಕಿಸುವಷ್ಟು ಹೊತ್ತು. ಆಕಳಿಕೆಯ ನಡುವೆ ಸಿಕ್ಕ ನಾಯಿ ಸಿಟ್ಟಿನಲ್ಲಿರುವಂತೆ ಕಾಣುತ್ತದೆ. ಕಿವಿ, ಬಾಲ, ಭಂಗಿ ಒಂದೊಂದು ಒಂದೊಂದು ಹೇಳಿದರೆ ನಾವು ತೀರ್ಮಾನ ಮಾಡುವುದಿಲ್ಲ, ಹತ್ತು ಸೆಕೆಂಡಿನ ವಿಡಿಯೊ ಕೇಳುತ್ತೇವೆ. "ಸರ, ಇದು ಹುಚ್ಚು ನಾಯಿನಾ?" ಅಂತ ಫೋಟೊ ಕಳಿಸುವವರಿಗೆ ಮಾತ್ರ ವಿಡಿಯೊ ಬಂದರೂ ಉತ್ತರ ಕೊಡುವುದಿಲ್ಲ. ರೇಬಿಸ್ ಇಲ್ಲ ಅಂತ ಚಿತ್ರ ನೋಡಿ ಹೇಳಲಿಕ್ಕೆ ಆಗುವುದಿಲ್ಲ. ಕಚ್ಚಿದ್ದರೆ ಗಾಯವನ್ನು ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆದು, ಅವತ್ತೇ ಸರ್ಕಾರಿ ಆಸ್ಪತ್ರೆಗೆ ಹೋಗಿ ಅನ್ನುತ್ತೇವೆ.