296 ಮತ್ತು 15

ಬೆಂಗಳೂರಿನ ಕೇಂದ್ರ ಸರ್ಕಾರಿ ಕಚೇರಿಯೊಂದರ ಸಿಬ್ಬಂದಿ ವಿಭಾಗಕ್ಕೆ ನಾನು ಬಂದಾಗ ರಜೆಯ ಲೆಕ್ಕವೆಲ್ಲ ಸರ್ವಿಸ್ ಬುಕ್ಕಿನಲ್ಲೇ ಇರುತ್ತಿತ್ತು. ಡಿಸೆಂಬರ್ ಬಂತೆಂದರೆ ಬೀರುವಿನಿಂದ ಆ ಪುಸ್ತಕಗಳನ್ನು ಇಳಿಸಿ, ಯಾರ ಖಾತೆಯಲ್ಲಿ ಯಾವ ರಜೆ ಎಷ್ಟು ಉಳಿದಿದೆ ಎಂದು ಪಟ್ಟಿ ಮಾಡುತ್ತಿದ್ದೆವು. ಸಿ.ಎಲ್. ಈ ಪಟ್ಟಿಗೆ ಬರುತ್ತಿರಲಿಲ್ಲ. ವರ್ಷಕ್ಕೆ 8 ದಿನ, ಡಿಸೆಂಬರ್ 31ಕ್ಕೆ ಉಳಿದದ್ದು ರದ್ದು. ಅದಕ್ಕೆ ಹಣವೂ ಇಲ್ಲ.

ಇ.ಎಲ್. ಹಾಗಲ್ಲ. ಜನವರಿ 1ಕ್ಕೆ 15, ಜುಲೈ 1ಕ್ಕೆ 15 ದಿನ ಮುಂಗಡವಾಗಿ ಜಮೆಯಾಗುತ್ತದೆ. 1997ರಿಂದ 300 ದಿನದವರೆಗೆ ಕೂಡಿಡಬಹುದು. ಬಾಕಿ 285 ದಾಟಿದವರಿಗೆ ನಿಯಮ ಬೇರೆ: ಹೊಸ 15 ದಿನವನ್ನು ಬಾಕಿಗೆ ಸೇರಿಸದೆ ಪ್ರತ್ಯೇಕ ಇಡಬೇಕು. ಆ ಆರು ತಿಂಗಳಲ್ಲಿ ತೆಗೆದ ರಜೆಯನ್ನು ಮೊದಲು ಅದರಲ್ಲೇ ಕಳೆಯಬೇಕು. ಮಿಕ್ಕದ್ದನ್ನು ಕೊನೆಯಲ್ಲಿ, 300 ಮೀರದಂತೆ, ಸೇರಿಸಬೇಕು. ಅದಕ್ಕೇ ನಮ್ಮ ಹಿರಿಯ ಗುಮಾಸ್ತರು ‘296 + 15’ ಎಂದು ಬರೆಯುತ್ತಿದ್ದರು. “ಕೂಡಿಸಬೇಡಪ್ಪಾ, ಹಾಗೇ ಬಿಡು” ಎಂದು ಹೊಸಬರಿಗೆ ಹೇಳುತ್ತಿದ್ದರು.

ಆಮೇಲೆ ಪಟ್ಟಿ ಎಕ್ಸೆಲ್‌ಗೆ ಬಂತು. ಕೆಲಸ ಎಷ್ಟೋ ಹಗುರವಾಯಿತು, ಕೂಡುವ ಕಳೆಯುವ ತಪ್ಪುಗಳು ನಿಂತವು. ಆದರೆ ಇ.ಎಲ್.ಗೆ ಒಂದೇ ಕಾಲಂ. ಒಬ್ಬ ನೌಕರರ 296ಕ್ಕೆ 15 ಸೇರಿಸಿದರೆ 311, ಮಿತಿ 300, ಹಾಗಾಗಿ ಜನವರಿ 1ಕ್ಕೇ 300 ಎಂದು ನಿಂತಿತು. ಆ ನೌಕರರು ಜೂನ್ ಒಳಗೆ 6 ದಿನ ರಜೆ ಹಾಕಿದರು. ಪಟ್ಟಿಯಲ್ಲಿ ಬಾಕಿ 294. ನಿಯಮದಂತೆ 15ರಲ್ಲಿ 6 ಕಳೆದು 9 ಉಳಿಯಬೇಕು. 296ಕ್ಕೆ 9 ಸೇರಿ 305, ಅಂದರೆ ಪೂರ್ತಿ 300. ಆರು ದಿನ ಸುಮ್ಮನೆ ಹೋಗಿತ್ತು. ನಿವೃತ್ತಿಯಲ್ಲಿ ಉಳಿದ ಇ.ಎಲ್.ಗೆ ಹಣ ಕೊಡುವಾಗ ಮೂಲ ವೇತನ, ತುಟ್ಟಿಭತ್ಯೆ ಕೂಡಿಸಿ 30ರಿಂದ ಭಾಗಿಸಿ ದಿನದ ಲೆಕ್ಕ ಹಿಡಿಯುತ್ತಾರೆ. ಎರಡೂ ಸೇರಿ 60,000 ರೂಪಾಯಿ ಇದ್ದವರಿಗೆ ಆರು ದಿನವೆಂದರೆ 12,000 ರೂಪಾಯಿ.

2006ರಿಂದ ಇ.ಎಲ್. 300ಕ್ಕೆ ಕಡಿಮೆ ಬಿದ್ದರೆ ಅರ್ಧ ವೇತನ ರಜೆಯಿಂದ ತುಂಬಿಕೊಳ್ಳಬಹುದು ನಿಜ. ಆದರೆ ಆ ದಿನಗಳಿಗೆ ಸಿಗುವುದು ಅರ್ಧ ಸಂಬಳದ ಲೆಕ್ಕ. ಕಳೆದುಹೋದ ಇ.ಎಲ್. ಅದರಿಂದ ಪೂರ್ತಿ ತುಂಬುವುದಿಲ್ಲ.

ಈ ತಪ್ಪು ಪಟ್ಟಿಯ ಮೇಲೆ ಕಾಣುವುದೇ ಇಲ್ಲ. 294 ಕೂಡ ಸರಿಯಾದ ಸಂಖ್ಯೆಯಂತೆಯೇ ಕಾಣುತ್ತದೆ. ಡಿಸೆಂಬರ್ ಬಾಕಿ, ರಜೆ ಮಂಜೂರಾತಿ ಆದೇಶ, ಜೂನ್ ಬಾಕಿ ಮೂರನ್ನೂ ಜೊತೆಗಿಟ್ಟು ನೋಡಿದಾಗಷ್ಟೇ ಸಿಕ್ಕಿಬೀಳುತ್ತದೆ. ನಾವು ಕೊನೆಗೆ ‘ಪ್ರತ್ಯೇಕ ಜಮೆ’ ಎಂಬ ಇನ್ನೊಂದು ಕಾಲಂ ಹಾಕಿದೆವು.

ನಿಮ್ಮ ಇ.ಎಲ್. ಬಾಕಿ 285 ದಾಟಿದ್ದರೆ, ವರ್ಷದ ಕೊನೆಯ ಪಟ್ಟಿಗೆ ಸಹಿ ಹಾಕುವ ಮುಂಚೆ ಆ 15 ದಿನ ಎಲ್ಲಿದೆ ಎಂದು ದಯವಿಟ್ಟು ಕೇಳಿ.